ಹದಿನೈದು ನಿಮಿಷ ಸಿಗಬಹುದಾ ಸರ್?

ನಮ್ಮ ಕಡೆ ಯಾರಿಗಾದರೂ ‘ನಿಮ್ಮತ್ರ ಸ್ವಲ್ಪ ಮಾತಾಡ್ಲಿಕ್ಕುಂಟು’ ಎಂದು ಮೆಸೇಜು ಹಾಕಿ ನೋಡಿ. ಓದಿದವರ ತಲೆಯಲ್ಲಿ ಮೂರೇ ಮೂರು ಸಂಗತಿ ಓಡುತ್ತವೆ: ಸಾಲ, ಸಂಬಂಧ, ಇಲ್ಲವೇ ಪಾಲಿಸಿ. ನಾಲ್ಕನೆಯದೊಂದು ಇರಬಹುದು, ಈ ಹುಡುಗಿಗೆ ನನ್ನ ಕೆಲಸದ ಬಗ್ಗೆ ತಿಳಿಯಬೇಕಾಗಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಇದು ನನಗೆ ಗೊತ್ತಾದದ್ದು ಮೆಸೇಜು ಕಳಿಸಿಯಾದ ಮೇಲೆ.

ಬಿ.ಕಾಂ. ಮುಗಿದಿತ್ತು. ಸುರತ್ಕಲ್‌ನಿಂದ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ಹೋಗಿ ಬರುವಾಗ ಪಣಂಬೂರಿನಲ್ಲಿ ದಿನಾ ಬಂದರು ಕಾಣುತ್ತಿತ್ತು. 1974ರಲ್ಲಿ ಪ್ರಮುಖ ಬಂದರು ಎಂದು ಘೋಷಣೆಯಾದದ್ದು ಅದು, ನನ್ನ ಅಪ್ಪನಿಗಿಂತ ಆರು ವರ್ಷ ಚಿಕ್ಕದು. ಅಲ್ಲಿ ನನಗೂ ಏನಾದರೂ ಕೆಲಸ ಇರಬಹುದು ಎಂದು ಬಲವಾಗಿ ಅನಿಸುತ್ತಿತ್ತು, ಏನು ಕೆಲಸ ಎಂದು ಮಾತ್ರ ಗೊತ್ತಿರಲಿಲ್ಲ. ಕ್ರೇನು ಬಿಡುವುದು ಬಿಟ್ಟರೆ ಬಂದರಿನ ಬೇರೆ ಉದ್ಯೋಗ ನನ್ನ ಕಲ್ಪನೆಗೆ ಬಂದದ್ದೇ ಇಲ್ಲ. ಕೊನೆಗೆ ಡಿಪಾರ್ಟ್‌ಮೆಂಟಿನ ಮೇಡಂ ಒಂದು ನಂಬರು ಕೊಟ್ಟರು. ನಮ್ಮ ಕಾಲೇಜಿನಲ್ಲೇ ಹತ್ತು ವರ್ಷ ಮೊದಲು ಬಿ.ಕಾಂ. ಮಾಡಿದವರು, ಈಗ ಕಸ್ಟಮ್ಸ್ ಬ್ರೋಕರ್ ಆಫೀಸಿನಲ್ಲಿ, ಅಂದರೆ ಬಂದರಿಗೆ ಬಂದು ಹೋಗುವ ಸರಕಿನ ಸುಂಕದ ಕಾಗದಪತ್ರ ಮಾಡಿಕೊಡುವಲ್ಲಿ ಇದ್ದಾರೆ, ಕೇಳಿ ನೋಡು ಎಂದರು.

ಕೇಳಿದೆ. ಆದಿತ್ಯವಾರ ರಾತ್ರಿ ಹನ್ನೊಂದೂ ಹತ್ತಕ್ಕೆ, ಭಕ್ತಿಯಿಂದ:

‘ರೆಸ್ಪೆಕ್ಟೆಡ್ ಸರ್, ನಿಮ್ಮ ಅಮೂಲ್ಯವಾದ ಹದಿನೈದು ನಿಮಿಷ ಸಿಗಬಹುದಾ? ಒಂದು ಒಳ್ಳೆಯ ಅವಕಾಶದ ಬಗ್ಗೆ ಮಾತಾಡ್ಲಿಕ್ಕಿತ್ತು. ನೀವು ಒಪ್ಪಿದರೆ ಜೀವನವೇ ಬದಲಾಗಬಹುದು.’

ಅವಕಾಶ ನನ್ನದು, ಜೀವನವೂ ನನ್ನದು. ಅದನ್ನು ಬರೆಯಲು ಮರೆತಿದ್ದೆ. ಹೆಸರನ್ನೂ ಬರೆದಿರಲಿಲ್ಲ. ಪ್ರೊಫೈಲಿನಲ್ಲಿ ಇದ್ದದ್ದು ನಮ್ಮ ಮನೆಯ ದಾಸವಾಳದ ಫೋಟೋ. ಬೆಳಿಗ್ಗೆ ಆರೂ ನಲವತ್ತಕ್ಕೆ ಉತ್ತರ ಬಂತು:

‘ನನಗೆ ಆಗ್ಲೇ ಎರಡು ಪಾಲಿಸಿ ಉಂಟು. ಸೋಪಿನ ಚೈನಿಗೂ ಸೇರುವುದಿಲ್ಲ. ದೇವರು ಒಳ್ಳೇದು ಮಾಡ್ಲಿ.’

ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಆಶೀರ್ವಾದ ಮಾಡಿ ಬಾಗಿಲು ಹಾಕಿದವರ ಬಾಗಿಲನ್ನು ಮತ್ತೆ ತಟ್ಟುವುದು ಹೇಗೆ?

ಮೇಡಂಗೆ ತೋರಿಸಿದೆ. ಅವರು ಮೊದಲು ಕನ್ನಡಕ ತೆಗೆದು ಚೆನ್ನಾಗಿ ನಕ್ಕರು. ನಂತರ ಕನ್ನಡಕ ಹಾಕಿ, ‘ನೀನು ಯಾರು ಅಂತ ಇದರಲ್ಲಿ ಎಲ್ಲಿ ಉಂಟು? ಅವರನ್ನೇ ಯಾಕೆ ಕೇಳ್ತಿದ್ದೀ ಅಂತ ಉಂಟಾ? ಏನು ಕೇಳ್ತೀ ಅಂತ ಉಂಟಾ? ನಂಬರು ನಾನು ಕೊಟ್ಟದ್ದು ಅಂತಲಾದರೂ ಬರೀಬೇಕಿತ್ತಲ್ಲ ಮಾರಾಯ್ತಿ’ ಎಂದರು. ಎಲ್ಲಕ್ಕೂ ಇಲ್ಲ ಎಂದೇ ತಲೆಯಾಡಿಸಿದೆ. ‘ಅಮೂಲ್ಯವಾದ’ ಎಂಬುದೊಂದು ಮಾತ್ರ ಇತ್ತು. ಅದನ್ನು ಅವರು ಮೊದಲೇ ಹೊಡೆದು ಹಾಕಿದರು.

ಅವರು ಹೇಳಿಕೊಟ್ಟದ್ದರಲ್ಲಿ ನನಗೆ ಉಲ್ಟಾ ಅನಿಸಿದ್ದು ರೆಸ್ಯೂಮೆಯ ವಿಷಯ. ಮೆಸೇಜಿನ ಜೊತೆಗೇ ರೆಸ್ಯೂಮೆ ಹಾಕಿದರೆ ಚುರುಕಾಗಿ ಕಾಣುತ್ತದೆ ಎಂದು ನನ್ನ ಅಂದಾಜು. ‘ರೆಸ್ಯೂಮೆ ಕಂಡ ಕೂಡಲೇ ಅವರು ನಮ್ಮಲ್ಲಿ ಈಗ ಜಾಗ ಇಲ್ಲಮ್ಮಾ ಅಂತಾರೆ. ಅವರದ್ದು ಅಲ್ಲಿಗೆ ಮುಗೀತು. ನೀನು ಕೇಳ್ತಾ ಇರುವುದು ಜಾಗ ಅಲ್ಲ, ದಾರಿ. ದಾರಿ ಹೇಳ್ಲಿಕ್ಕೆ ಯಾವ ಆಫೀಸಿನಲ್ಲೂ ಜಾಗ ಖಾಲಿ ಇರಬೇಕಾಗಿಲ್ಲ’ ಎಂದರು ಮೇಡಂ. ‘ಯಾವಾಗ ಬೇಕಾದರೂ ನಾನು ಫ್ರೀ’ ಎಂಬ ಸಾಲನ್ನೂ ಬಿಡಲಿಲ್ಲ. ಅದು ವಿನಯದಂತೆ ಕಾಣುತ್ತದೆ, ಆದರೆ ದಿನ ಹುಡುಕುವ ಕೆಲಸವನ್ನು ಅವರ ತಲೆಗೆ ಕಟ್ಟಿದ ಹಾಗೆ. ಎರಡು ಸಮಯ ನೀನೇ ಬರೆ, ಅವರು ಒಂದನ್ನು ಮುಟ್ಟಿದರೆ ಸಾಕಾಗಬೇಕು ಎಂದರು.

ಮಂಗಳವಾರ ಹಗಲು ಹೊತ್ತಿನಲ್ಲಿ, ದಾಸವಾಳ ತೆಗೆದು ನನ್ನ ಮುಖ ಹಾಕಿ, ಎರಡನೆಯ ಮೆಸೇಜು ಹೋಯಿತು:

‘ನಮಸ್ಕಾರ ಸರ್. ಮೊನ್ನೆ ಹೆಸರಿಲ್ಲದೆ ಬರೆದದ್ದು ನಾನೇ, ಕ್ಷಮಿಸಿ. ಪಾಲಿಸಿ ಅಲ್ಲ, ಸೋಪೂ ಅಲ್ಲ. ನೀವು ಓದಿದ ಕಾಲೇಜಿನಲ್ಲೇ ಈ ವರ್ಷ ಬಿ.ಕಾಂ. ಮುಗಿಸಿದ್ದೇನೆ. ಕಾಮರ್ಸ್ ವಿಭಾಗದ ಮೇಡಂ ನಿಮ್ಮ ನಂಬರು ಕೊಟ್ಟರು. ಕಸ್ಟಮ್ಸ್ ಡಾಕ್ಯುಮೆಂಟೇಶನ್ ಕೆಲಸಕ್ಕೆ ಹೊಸಬರು ಹೇಗೆ ಸೇರುತ್ತಾರೆ, ಮೊದಲ ವರ್ಷ ಏನು ಮಾಡಿಸುತ್ತಾರೆ, ಈಗಲೇ ಏನು ಕಲಿಯಬಹುದು, ಈ ಮೂರನ್ನು ಕೇಳಬೇಕಿತ್ತು. ಕೆಲಸ ಕೊಡಿಸಿ ಎಂದು ಕೇಳುತ್ತಿಲ್ಲ. ಶನಿವಾರ ಸಂಜೆ 5 ಅಥವಾ ಆದಿತ್ಯವಾರ ಬೆಳಿಗ್ಗೆ 11ಕ್ಕೆ 20 ನಿಮಿಷ ಸಾಕು. ಫೋನಿನಲ್ಲೂ ಆಗುತ್ತದೆ. ಈಗ ಪುರುಸೊತ್ತು ಇಲ್ಲದಿದ್ದರೆ ಖಂಡಿತ ತೊಂದರೆ ಇಲ್ಲ.’

ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಬುಧವಾರವೂ ಇಲ್ಲ. ‘ಸರ್?’ ಎಂದು ಒಂದು ಹಾಕಲು ಕೈ ತುರಿಸುತ್ತಿತ್ತು. ಒಂದು ವಾರ ಬಿಟ್ಟು ಒಮ್ಮೆ ನೆನಪಿಸಬಹುದು, ಆಮೇಲೂ ಮೌನವಾದರೆ ಅದೇ ಉತ್ತರ ಎಂದು ಮೇಡಂ ಮೊದಲೇ ಹೇಳಿದ್ದರಿಂದ ಕೈ ಕಟ್ಟಿ ಕೂತೆ. ಗುರುವಾರ ರಾತ್ರಿ ಬಂತು: ‘ಹಡಗು ಬಂದಿತ್ತು, ನೋಡ್ಲಿಕ್ಕೆ ಆಗಲಿಲ್ಲ. ಶನಿವಾರ 5. ಐಸ್‌ಕ್ರೀಮ್ ಪಾರ್ಲರ್?’ ಜೊತೆಗೆ ಪಾರ್ಲರಿನ ಹೆಸರು.

ನಾನು ಕುಣಿದಾಡಿ ‘ಓಕೆ ಸರ್’ ಎಂದೆ. ಅಮ್ಮ ಯಾರು, ಎಂತ, ಮದುವೆ ಆಗಿದೆಯಾ ಎಂದು ಮೂರು ಪ್ರಶ್ನೆ ಕೇಳಿದಳು. ಅವಳ ಪ್ರಶ್ನೆಗಳೂ ಸರಿಯಾಗಿ ಮೂರೇ ಎಂಬುದನ್ನು ಗಮನಿಸಿದೆ.

ಮಂಗಳೂರಿನ ಐಸ್‌ಕ್ರೀಮ್ ಪಾರ್ಲರುಗಳ ವಿಷಯ ಊರಿನವರಿಗೆ ಹೇಳಬೇಕಾಗಿಲ್ಲ. ಹೆಸರು ಒಂದೇ, ಅಂಗಡಿ ನಾಲ್ಕು. ನಾನು ಹಂಪನಕಟ್ಟೆಯದ್ದರಲ್ಲಿ ಐದಕ್ಕೆ ಹತ್ತು ನಿಮಿಷ ಇರುವಾಗಲೇ ಕೂತಿದ್ದೆ. ಐದೂ ಹತ್ತಕ್ಕೆ ಫೋನು ಬಂತು.

‘ಎಲ್ಲಿದ್ದೀರಿ?’

‘ಒಳಗೇ ಇದ್ದೇನೆ ಸರ್, ಫ್ಯಾನಿನ ಕೆಳಗೆ.’

‘ನಾನೂ ಫ್ಯಾನಿನ ಕೆಳಗೇ ಇದ್ದೇನೆ.’

ಇಬ್ಬರೂ ಎದ್ದು ನಿಂತು ಸುತ್ತ ನೋಡಿದೆವು, ಅವರು ಬಿಜೈಯಲ್ಲಿ, ನಾನು ಹಂಪನಕಟ್ಟೆಯಲ್ಲಿ. ರಿಕ್ಷಾ ಹತ್ತಿ ಜ್ಯಾಮಿನಲ್ಲಿ ಬೆವರಿ ತಲುಪುವಾಗ ಐದೂ ಮೂವತ್ತೈದು. ದಿನ ಬರೆದೆ, ಸಮಯ ಬರೆದೆ, ಯಾವ ರಸ್ತೆ ಎಂದು ಕೇಳಲಿಲ್ಲ. ಒಂದು ಲೊಕೇಶನ್ ಕಳಿಸಿದ್ದರೆ ರಿಕ್ಷಾದ ದುಡ್ಡು ಉಳಿಯುತ್ತಿತ್ತು.

‘ಸಾರಿ ಸರ್’ ಎಂದದ್ದಕ್ಕೆ, ‘ಸರ್ ಎಲ್ಲ ಬೇಡ, ಅಣ್ಣ ಅಂದ್ರೆ ಸಾಕು’ ಎಂದರು. ನಾನು ಗಾಬರಿಯಲ್ಲಿ ‘ಓಕೆ ಸರ್ ಅಣ್ಣ’ ಎಂದೆ. ಕೊನೆಯವರೆಗೂ ಹಾಗೆಯೇ ಆಯಿತು.

ಅಣ್ಣ ಉಪದೇಶ ಮಾಡುವವರಲ್ಲ. ಟಿಶ್ಯೂ ಪೇಪರು ಎಳೆದು ಪೆನ್ನು ತೆಗೆದರು. ‘ಆಫ್ರಿಕಾದಿಂದ ಕಚ್ಚಾ ಗೇರುಬೀಜ ಬರ್ತದೆ ಅಂತ ಇಟ್ಕೊಳ್ಳಿ. ಇನ್‌ವಾಯ್ಸ್‌ನಲ್ಲಿ 16,000 ಕೆಜಿ. ಪ್ಯಾಕಿಂಗ್ ಲಿಸ್ಟಿನಲ್ಲಿ 200 ಗೋಣಿ, ಒಂದೊಂದರಲ್ಲಿ 80 ಕೆಜಿ, ಗೋಣಿಯೂ ಸೇರಿ 16,200. ಹಡಗಿನವರ ಬಿಲ್ ಆಫ್ ಲೇಡಿಂಗ್‌ನಲ್ಲಿ 210 ಗೋಣಿ, 16,200 ಕೆಜಿ. ತಪ್ಪು ಎಲ್ಲಿ?’

ನಾನು ಉತ್ಸಾಹದಿಂದ, ‘ತೂಕ! ಒಂದರಲ್ಲಿ 16,000, ಒಂದರಲ್ಲಿ 16,200’ ಎಂದೆ. ಸುಮ್ಮನೆ ಐಸ್‌ಕ್ರೀಮು ತಿಂದರು. ಒಂದು ಗೋಣಿಯೇ ಒಂದು ಕೆಜಿ ಇರಬಹುದಲ್ಲ, ಇನ್ನೂರು ಗೋಣಿಗೆ ಇನ್ನೂರು ಕೆಜಿ, ಒಂದು ನೆಟ್ ಇನ್ನೊಂದು ಗ್ರಾಸ್ ಎಂದು ಹೊಳೆಯುವಾಗ ನನ್ನದು ಅರ್ಧ ಕರಗಿತ್ತು. ತಪ್ಪು ಇದ್ದದ್ದು 210ರಲ್ಲಿ. ಅಷ್ಟು ಗೋಣಿ ಇದ್ದರೆ ಬೀಜವೇ 16,800 ಕೆಜಿ ಆಗಬೇಕಿತ್ತು. ಯಾರೋ ಟೈಪು ಮಾಡುವಾಗ ಸೊನ್ನೆಯ ಬದಲು ಒಂದು ಒತ್ತಿದ್ದಾರೆ.

‘ಇದನ್ನು ಹಡಗು ಬರುವ ಮೊದಲು, ಡ್ರಾಫ್ಟ್ ಕಳಿಸಿದಾಗಲೇ ಹಿಡಿದರೆ ಒಂದು ಮೇಲ್‌ನಲ್ಲಿ ಮುಗೀತದೆ. ಬಂದ ಮೇಲೆ ಕಂಡರೆ ಶಿಪ್ಪಿಂಗ್ ಲೈನಿನಿಂದ ತಿದ್ದಿಸಬೇಕು, ಅಲ್ಲಿವರೆಗೆ ಕಂಟೇನರು ಕೂತಿರ್ತದೆ, ಬಿಟ್ಟಿ ದಿನ ಮುಗಿದ ಮೇಲೆ ದಿನಕ್ಕೆ ಇಷ್ಟು ಅಂತ ಬಾಡಿಗೆ. ಪಾರ್ಟಿ ನಮಗೆ ಬೈತಾರೆ. ಹೊಸಬರಿಗೆ ಮೊದಲ ವರ್ಷ ಇದೇ ಕೆಲಸ, ಕಾಗದಕ್ಕೆ ಕಾಗದ ತಾಳೆ ನೋಡುವುದು. ಕ್ರೇನು ಯಾರೂ ಕೊಡುವುದಿಲ್ಲ.’ ಕ್ರೇನಿನ ವಿಷಯ ಇವರಿಗೆ ಹೇಳಿದ್ದು ಮೇಡಂ ಅಂತ ಕಾಣುತ್ತದೆ.

ದಾರಿಯನ್ನೂ ಹೇಳಿದರು. ಮೊದಲು ಆಫೀಸಿನೊಳಗೆ ಡಾಕ್ಯುಮೆಂಟೇಶನ್. ಪಳಗಿದ ಮೇಲೆ ಆಫೀಸಿನವರೇ ಅರ್ಜಿ ಹಾಕಿ ಎಚ್ ಕಾರ್ಡ್ ಮಾಡಿಸುತ್ತಾರೆ, ಕಸ್ಟಮ್ಸ್‌ಗೆ ಹೋಗಿ ಬರಲು. ನಂತರ ಕಸ್ಟಮ್ಸ್‌ನವರ ಪರೀಕ್ಷೆ ಪಾಸಾದರೆ ಜಿ ಕಾರ್ಡ್. ಎಫ್ ಕಾರ್ಡ್ ಬೇರೆಯೇ, ಸ್ವಂತ ಬ್ರೋಕರ್ ಲೈಸೆನ್ಸಿನ ಪರೀಕ್ಷೆ ಪಾಸಾದವರಿಗೆ. ಅಣ್ಣನ ಹತ್ತಿರ ಇರುವುದು ಜಿ. ಸಣ್ಣ ಆಫೀಸುಗಳಲ್ಲಿ ಜಾಗ ಖಾಲಿಯಾದರೆ ಜಾಹೀರಾತು ಹಾಕುವುದು ಕಡಿಮೆ, ಗೊತ್ತಿದ್ದವರಲ್ಲಿ ಕೇಳುತ್ತಾರೆ ಎಂದರು. ಈಗಲೇ ಕಲಿಯಲು ಹೇಳಿದ್ದು ಒಂದೇ: ಸುಂಕದ ಪಟ್ಟಿ ಓದುವ ಅಭ್ಯಾಸ. ಸಿಪ್ಪೆ ಇರುವ ಗೇರುಬೀಜ 0801 31, ಸಿಪ್ಪೆ ತೆಗೆದದ್ದು 0801 32. ಅಂಗಡಿಯಲ್ಲಿ ಕಂಡ ಹತ್ತು ವಸ್ತುವಿಗೆ ದಿನಾ ನೀವೇ ನಂಬರು ಹುಡುಕಿ, ಯಾಕೆ ಅದೇ ನಂಬರು ಅಂತ ಒಂದು ಸಾಲು ಬರೆಯಿರಿ ಎಂದರು. ಅಂದಿನಿಂದ ಅಮ್ಮ ಸಾಮಾನು ತಂದರೆ ಚೀಲದಿಂದ ತೆಗೆಯಲು ಅರ್ಧ ಗಂಟೆ.

ಇಪ್ಪತ್ತು ನಿಮಿಷ ಆದಾಗ ನಾನೇ ಗಡಿಯಾರ ನೋಡಿ, ‘ಸಮಯ ಆಯ್ತು ಸರ್ ಅಣ್ಣ’ ಎಂದೆ. ಅದಕ್ಕೇ ಇರಬೇಕು, ಅವರು ಮತ್ತೆ ಹದಿನೈದು ನಿಮಿಷ ಕೂತರು. ಮೊದಲ ಮೆಸೇಜಿನಲ್ಲಿ ಬೇಡಿದ ಹದಿನೈದು ನಿಮಿಷ ಸಿಕ್ಕಿದ್ದು ಹೀಗೆ. ಇನ್ನು ಯಾರನ್ನು ಕೇಳಬಹುದು ಎಂದಾಗ, ಜಿ ಕಾರ್ಡ್ ಪರೀಕ್ಷೆಗೆ ಓದುತ್ತಿರುವ ಒಬ್ಬ ಅಕ್ಕನ ಬಗ್ಗೆ ಹೇಳಿ, ‘ಅವರ ಒಪ್ಪಿಗೆ ಕೇಳಿ ನಂಬರು ಕೊಡ್ತೇನೆ. ಅವರಿಗೆ ಜೀವನ ಬದಲಾಗ್ತದೆ ಅಂತ ಬರೀಬೇಡಿ’ ಎಂದರು. ಬಿಲ್ಲಿಗೆ ನಾನು ಪರ್ಸು ತೆಗೆದೆ. ರಿಕ್ಷಾಕ್ಕೆ ಕೊಟ್ಟ ಮೇಲೆ ಅದರಲ್ಲಿ ಇದ್ದದ್ದು ಬಸ್ಸಿನ ಚಿಲ್ಲರೆ. ಅವರು ನೋಡಿ ನೋಡದ ಹಾಗೆ ಕೊಟ್ಟುಬಿಟ್ಟರು.

ಎದ್ದು ಹೋಗುವಾಗ, ನಾನು ಕೇಳದೆಯೇ, ‘ರೆಸ್ಯೂಮೆ ಒಂದು ಕಳಿಸಿಡಿ’ ಎಂದರು.

ಮನೆಗೆ ಬಂದವಳೇ ಧನ್ಯವಾದ ಬರೆದು, 210 ಗೋಣಿಯನ್ನು ಇನ್ನು ಮರೆಯುವುದಿಲ್ಲ ಎಂದು ಸೇರಿಸಿ, ಫೈಲು ಲಗತ್ತಿಸಿ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು:

‘ಡಾಕ್ಯುಮೆಂಟ್ ತಲುಪಿತು. ವಿಳಾಸ ಸರಿ ಉಂಟು. ಹೆಸರು ನಿಮ್ಮ ಅಪ್ಪನದ್ದು, 164 ಯೂನಿಟು. ಕರೆಂಟ್ ಬಿಲ್ ಕಟ್ಟಲಿಕ್ಕೆ ನಾಡಿದ್ದು ಕೊನೇ ದಿನ. ತಿದ್ದಿ ಮತ್ತೆ ಕಳಿಸಿ.’