ಹಿನ್ಸ್‌ಬರ್ಗ್ ಪರೀಕ್ಷೆ: ಕರಗದೆ ಉಳಿದದ್ದು ಯಾವುದು?

"ಕ್ಷಾರದಲ್ಲಿ ಕರಗದೆ ಉಳಿದರೆ ಅದು ದ್ವಿತೀಯಕ ಅಮೈನೇ ಅಂತೆ, ನಿಜವಾ?"

ಅಮೈನ್ ಪ್ರಾಥಮಿಕವೋ, ದ್ವಿತೀಯಕವೋ, ತೃತೀಯಕವೋ ಎಂದು ಗುರುತಿಸುವ ಈ ಪರೀಕ್ಷೆಯಲ್ಲಿ ಅಷ್ಟಕ್ಕೇ ತೀರ್ಮಾನಿಸಬೇಡಿ. ತೃತೀಯಕ ಅಮೈನ್ ಕೂಡ ಕರಗದೆ ಉಳಿಯುತ್ತದೆ. ಬಿಡಿಸಿ ಹೇಳುವುದು ಮುಂದಿನ ಹೆಜ್ಜೆಯಾದ ಆಮ್ಲ.

ದ್ವಿತೀಯಕವಾದ ಎನ್-ಮೀಥೈಲ್ ಅನಿಲೀನ್ ಮತ್ತು ತೃತೀಯಕವಾದ ಎನ್,ಎನ್-ಡೈಮೀಥೈಲ್ ಅನಿಲೀನ್‌ಗಳನ್ನೇ ನೋಡಿ. ಕೆಲವು ಹನಿ ಅಮೈನ್‌ಗೆ 10% ಸೋಡಿಯಂ ಹೈಡ್ರಾಕ್ಸೈಡ್ 5 ಮಿ.ಲೀ., ಬೆಂಜೀನ್ ಸಲ್ಫೋನಿಲ್ ಕ್ಲೋರೈಡ್ ಸ್ವಲ್ಪ ಸೇರಿಸಿ, ಬಿರಡೆ ಹಾಕಿ ಚೆನ್ನಾಗಿ ಕುಲುಕಿ. ಮೊದಲನೆಯದು ಸಲ್ಫೋನಮೈಡ್ ಆಗುತ್ತದೆ. ಅದರ ನೈಟ್ರೋಜನ್ ಮೇಲೆ ಹೈಡ್ರೋಜನ್ ಉಳಿದಿರುವುದಿಲ್ಲ, ಹಾಗಾಗಿ ಕ್ಷಾರಕ್ಕೆ ಕಿತ್ತುಕೊಳ್ಳಲು ಏನೂ ಇಲ್ಲ, ಘನವಾಗಿ ನಿಲ್ಲುತ್ತದೆ. ಎರಡನೆಯದು ಬಹುತೇಕ ಹಾಗೇ ಎಣ್ಣೆಯಾಗಿ ತೇಲುತ್ತದೆ.

ಉಳಿದದ್ದನ್ನು ಬೇರ್ಪಡಿಸಿ, ತೊಳೆದು, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಕರಗಿದರೆ ತೃತೀಯಕ, ಕರಗದಿದ್ದರೆ ದ್ವಿತೀಯಕ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ತಳದಲ್ಲಿ ಎಣ್ಣೆ ಕೂತಿದ್ದರೆ ಅದು ಖರ್ಚಾಗದ ಸಲ್ಫೋನಿಲ್ ಕ್ಲೋರೈಡ್ ಇರಬಹುದು. ಅದೂ ಆಮ್ಲದಲ್ಲಿ ಕರಗದು, ದ್ವಿತೀಯಕವೆಂದು ಮೋಸ ಮಾಡುತ್ತದೆ. ಅದರ ಕಟುವಾಸನೆ ಹೋಗುವವರೆಗೆ ಕುಲುಕಿ, ಕೊನೆಗೆ ತುಸು ಬೆಚ್ಚಗೆ ಮಾಡಿ. ದ್ರಾವಣ ಕೊನೆಯವರೆಗೂ ಕ್ಷಾರೀಯವಾಗಿರಲಿ.

ಅನಿಲೀನ್‌ನಂಥ ಪ್ರಾಥಮಿಕ ಅಮೈನ್ ತಿಳಿ ದ್ರಾವಣ ಕೊಡುತ್ತದೆ. ಆಮ್ಲ ಹಾಕಿದಾಗ ಸಲ್ಫೋನಮೈಡ್ ಹೊರಬೀಳುತ್ತದೆ.