ಸರ್ವಾನುಮತದ ಮೂರು ಅಂಕ

ಕಾಸರಗೋಡಿನ ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಪೇಪರ್ ನೋಡುವ ಮಾಸ್ಟ್ರುಗಳಿಗೂ ಟೀಚರುಗಳಿಗೂ ನಡುವೆ ಭಿನ್ನಾಭಿಪ್ರಾಯವೇ ಇಲ್ಲ. ಇದಕ್ಕೆ ದಾಖಲೆ ಉಂಟು. ಮೌಲ್ಯಮಾಪನ ಕ್ಯಾಂಪು ಮುಗಿದ ಮೇಲೆ ಹೋಗುವ ವರದಿಯಲ್ಲಿ 'ವ್ಯತ್ಯಾಸ' ಎಂಬ ಕಾಲಮ್ಮಿನ ಕೆಳಗೆ ತಲೆಯಿಂದ ಬುಡದವರೆಗೆ ಒಂದೇ ನೇರ ಗೆರೆ ಎಳೆದಿರುತ್ತದೆ. ಇಂಥ ಒಮ್ಮತ ಪಂಚಾಯತಿನಲ್ಲಿ ಇಲ್ಲ, ಬ್ರಹ್ಮಕಲಶೋತ್ಸವ ಸಮಿತಿಯಲ್ಲಂತೂ ಕೇಳುವುದೇ ಬೇಡ. ಹಾಗಾಗಿ ಈ ಸಾಧನೆಯ ವಿಧಾನವನ್ನು ಲೋಕಕ್ಕೆ ತಿಳಿಸುವುದು ಅಗತ್ಯ.

ಮೊದಲ ದಿನ ಬೆಳಗ್ಗೆ ಎಲ್ಲರೂ ಕೂತು ಉತ್ತರಸೂಚಿ ಓದುತ್ತಾರೆ. ಚೀಫ್, ಅಂದರೆ ಮುಖ್ಯ ಮೌಲ್ಯಮಾಪಕರು, ಗಟ್ಟಿಯಾಗಿ ಓದುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. "ಸಂಶಯ ಉಂಟಾ?" ಎಂಬ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಚಾಯ ಬಂದಿರುತ್ತದೆ. ಎಲ್ಲರನ್ನೂ ಒಂದೇ ಅಳತೆಗೆ ತರುವ ಕೆಲಸ ಇಲ್ಲಿಗೆ ಮುಗಿಯಿತು. ಒಂದೇ ಸೂಚಿಯನ್ನು ಎಲ್ಲರೂ ಓದಿದ್ದಾರೆ, ಆದ್ದರಿಂದ ಎಲ್ಲರೂ ಒಂದೇ ಅಂಕ ಕೊಡುತ್ತಾರೆ ಎಂಬುದು ಇಲ್ಲಿನ ಸಿದ್ಧಾಂತ.

ಆ ಸಿದ್ಧಾಂತವನ್ನು ಒಂದು ಉತ್ತರದ ಮೇಲೆ ಇಟ್ಟು ನೋಡೋಣ. ಸಮಾಜ ವಿಜ್ಞಾನದಲ್ಲಿ ನಾಲ್ಕು ಅಂಕದ ಪ್ರಶ್ನೆ: ಭಾಷಾವಾರು ರಾಜ್ಯಗಳ ಪುನರ್ವಿಂಗಡಣೆ ಹೇಗಾಯಿತು, ವಿವರಿಸಿ. ಸೂಚಿಯಲ್ಲಿ ನಾಲ್ಕು ಅಂಶ, ಒಂದೊಂದಕ್ಕೆ ಒಂದು ಅಂಕ. ಪೊಟ್ಟಿ ಶ್ರೀರಾಮುಲು ಅವರ ಉಪವಾಸ ಮತ್ತು ಆಂಧ್ರದ ರಚನೆ, 1953ರ ಪುನರ್ವಿಂಗಡಣಾ ಆಯೋಗ, ಅದರ ಸದಸ್ಯರು, 1956ರ ಕಾಯಿದೆ. ಕೊನೆಗೆ ಎಲ್ಲ ಸೂಚಿಗಳ ಬುಡದಲ್ಲಿ ಇರುವ ವಾಕ್ಯ: 'ಇತರ ಸೂಕ್ತ ಅಂಶಗಳಿಗೂ ಅಂಕ ನೀಡಬಹುದು'. ಮೇಲಿನ ನಾಲ್ಕು ಸಾಲು ಕಟ್ಟಿದ್ದನ್ನು ಬಿಚ್ಚಲಿಕ್ಕೆ ಈ ಒಂದು ಸಾಲು ಸಾಕು.

ಮಂಜೇಶ್ವರ ಕಡೆಯ ಮಗುವೊಂದು ಹೀಗೆ ಬರೆದಿದೆ ಎಂದಿಟ್ಟುಕೊಳ್ಳಿ: "ಪೊಟ್ಟಿ ಶ್ರೀರಾಮುಲು ಉಪವಾಸ ಮಾಡಿ ತೀರಿಕೊಂಡರು. ಆಂಧ್ರ ಆಯಿತು. ಮತ್ತೆ ಫಜಲ್ ಅಲಿ ಆಯೋಗ ಬಂತು. ಅದರಲ್ಲಿ ಪಣಿಕ್ಕರ್ ಇದ್ದರು. 1956 ನವೆಂಬರ್ 1ಕ್ಕೆ ರಾಜ್ಯಗಳು ಆದವು. ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯಿಂದ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕು ಎಂದು ಮಹಾಜನ್ ಆಯೋಗ ಹೇಳಿತು. ಆದರೆ ಕೊಡಲಿಲ್ಲ."

ಮಗು ಬರೆದದ್ದರಲ್ಲಿ ಸುಳ್ಳು ಏನೂ ಇಲ್ಲ. ಆಯೋಗದ ವರ್ಷ ಬಿಟ್ಟಿದೆ, ಮೂವರು ಸದಸ್ಯರಲ್ಲಿ ಕುಂಜ್ರು ಅವರನ್ನು ಮರೆತಿದೆ, ಕಾಯಿದೆಯ ಹೆಸರು ಹೇಳದೆ ತಾರೀಕು ಮಾತ್ರ ಹೇಳಿದೆ. ಮಹಾಜನ್ ಆಯೋಗ ನೇಮಕವಾದದ್ದು 1966ರಲ್ಲಿ, ವರದಿ ಕೊಟ್ಟದ್ದು 1967ರಲ್ಲಿ. ಮಾಹಿತಿ ಸರಿ, ಪ್ರಶ್ನೆ ಕೇಳಿದ್ದು ಅದನ್ನಲ್ಲ.

ಐದು ಮಂದಿಯ ಕೈಗೆ ಇದನ್ನು ಕೊಡಿ. ಮೊದಲ ಮಾಸ್ಟ್ರು ಸೂಚಿಯ ಪ್ರಕಾರ ಹೋದರು: ಒಂದು, ಅರ್ಧ, ಅರ್ಧ, ಅರ್ಧ, ಒಟ್ಟು ಎರಡೂವರೆ. ಎರಡನೆಯವರು ಉತ್ತರದ ಕೊನೆಯ ಸಾಲು ಓದಿ ಕನ್ನಡಕ ಒರಸಿಕೊಂಡು ನಾಲ್ಕಕ್ಕೆ ನಾಲ್ಕು ಹಾಕಿದರು. ಅವರು ಗಡಿ ಹೋರಾಟದ ಸಭೆಗಳಲ್ಲಿ ಸ್ವಾಗತ ಭಾಷಣ ಮಾಡುವವರು. ಮೂರನೆಯವರಿಗೆ ಅದೇ ಸಾಲು ರಾಜಕೀಯವಾಗಿ ಕಂಡದ್ದರಿಂದ ಎರಡೂವರೆಯಲ್ಲಿ ಅರ್ಧ ಕಡಿದು ಎರಡು ಕೊಟ್ಟರು. ನಾಲ್ಕನೆಯ ಟೀಚರ್ ವರ್ಷ ಇಲ್ಲದಿದ್ದರೂ ಆಯೋಗಕ್ಕೆ ಪೂರ್ತಿ ಒಂದು ಕೊಟ್ಟು ಮೂರು ಮಾಡಿದರು. ಐದನೆಯವರು ವರ್ಷಕ್ಕೆ ಅರ್ಧ ಕಡಿದು, ಮಹಾಜನರಿಗೆ ಅರ್ಧ ಸೇರಿಸಿ ಮೂರಕ್ಕೇ ಬಂದರು.

ಈಗ ಒಮ್ಮತದ ಸಭೆ. ಐವರದ್ದೂ ಕೂಡಿದರೆ ಹದಿನಾಲ್ಕೂವರೆ, ಐದರಿಂದ ಭಾಗಿಸಿದರೆ 2.9. ಚೀಫ್ "ಮೂರು ಕೊಡುವ" ಎಂದರು. ಎಲ್ಲರೂ ತಮ್ಮ ಅಂಕ ಹೊಡೆದು ಮೂರು ಬರೆದರು. ವ್ಯತ್ಯಾಸ ಸೊನ್ನೆ. ನಾಲ್ಕನೆಯ, ಐದನೆಯ ಟೀಚರುಗಳಿಗಂತೂ ಮೊದಲೇ ಒಮ್ಮತವಿತ್ತೆಂದು ವಿಶೇಷ ಮೆಚ್ಚುಗೆ.

ಆದರೆ ಆ ಇಬ್ಬರು ಒಪ್ಪಿದ್ದಾದರೂ ಏನನ್ನು? ಮುಂದಿನ ಪೇಪರಿನ ಮಗು ಇದೇ ಉತ್ತರವನ್ನು ಕಾಸರಗೋಡಿನ ಪ್ರಸ್ತಾಪ ಇಲ್ಲದೆ ಬರೆದಿದ್ದರೆ ಒಬ್ಬರಿಂದ ಮೂರು, ಇನ್ನೊಬ್ಬರಿಂದ ಎರಡೂವರೆ. ಅವರು ಒಪ್ಪಿದ್ದು ಮೊತ್ತಕ್ಕೆ, ಕಾರಣಕ್ಕಲ್ಲ. ಸಭೆ ತೀರ್ಮಾನಿಸಿದ್ದೂ ಆ ಒಂದು ಉತ್ತರದ ಬೆಲೆಯನ್ನು ಮಾತ್ರ. ಆ ಉತ್ತರ ಇನ್ನೊಂದು ಸಲ ಬರುವುದಿಲ್ಲ. ಬರಬೇಕಾದರೆ ಪಕ್ಕದ ಬೆಂಚಿನವನು ಕಾಪಿ ಹೊಡೆದಿರಬೇಕು.

ಮಾಡಬೇಕಾದ ಕೆಲಸ ಬೇರೆ, ಅದು ಮಹಾ ಬೋರು. ಕಟ್ಟುಗಳಿಂದ ಐದಾರು ಉತ್ತರಪತ್ರಿಕೆಗಳನ್ನು ಆರಿಸಬೇಕು. ಒಳ್ಳೆಯದು, ಕೆಟ್ಟದ್ದು ಎಂದು ಎರಡೇ ತೆಗೆದರೆ ಆಗದು, ಅವುಗಳಿಗೆ ಅಂಕ ಕೊಡುವುದರಲ್ಲಿ ಯಾರಿಗೂ ಜಗಳವಿಲ್ಲ. ಮೇಲಿನಂತೆ ಅರ್ಧಂಬರ್ಧ ಸರಿ ಇರುವವು, ಪ್ರಶ್ನೆ ಬಿಟ್ಟು ಬೇರೆಡೆ ಹೋದವು ಬೇಕು. ಅಂಕ ಹಾಕುವ ಮೊದಲೇ ಪ್ರತಿ ತೆಗೆಸಿ ಎಲ್ಲರಿಗೂ ಹಂಚಬೇಕು. ಪ್ರತಿಯೊಬ್ಬರೂ ಮಾತಾಡದೆ, ಅಂಶಕ್ಕೆ ಎಷ್ಟೆಂದು ಬಿಡಿಸಿ, ಬೇರೆ ಚೀಟಿಯಲ್ಲಿ ಬರೆಯಬೇಕು. ಚೀಟಿಗಳೆಲ್ಲ ಒಟ್ಟಿಗೇ ತೆರೆಯಬೇಕು, ಇಲ್ಲವಾದರೆ ಹಿರಿಯರು "ನಾನು ಎರಡೂವರೆ" ಎಂದ ಕೂಡಲೇ ಕಿರಿಯರೆಲ್ಲ "ನಾನೂ ಅಷ್ಟೇ ಸಾರ್" ಎನ್ನುತ್ತಾರೆ. ಅಂಕ ಹೆಚ್ಚು ಕೊಟ್ಟವರೂ ಕಡಿಮೆ ಕೊಟ್ಟವರೂ ಮೊದಲು ಕಾರಣ ಹೇಳಬೇಕು. ತೀರ್ಮಾನವನ್ನು ನಿಯಮವಾಗಿ ಬರೆಯಬೇಕು: ಆಯೋಗಕ್ಕೆ ವರ್ಷವಿಲ್ಲದಿದ್ದರೆ ಅರ್ಧ, ಮೂವರಲ್ಲಿ ಇಬ್ಬರ ಹೆಸರಿದ್ದರೆ ಪೂರ್ತಿ, ಕಾಯಿದೆಯ ಹೆಸರಿಗೆ ಅರ್ಧ, ತಾರೀಕಿಗೆ ಅರ್ಧ, 1956ರ ನಂತರದ ಸಂಗತಿಗೆ ಅಂಕವೂ ಇಲ್ಲ, ಕಡಿತವೂ ಇಲ್ಲ. ಹೀಗೆ ಲೆಕ್ಕ ಹಾಕಿದರೆ ನಮ್ಮ ಮಗುವಿಗೆ ಒಂದು, ಅರ್ಧ, ಒಂದು, ಅರ್ಧ, ಅಂದರೆ ಮೂರೇ. ಸರಾಸರಿಯಲ್ಲಿ ಸಿಕ್ಕಿದ್ದೂ ಮೂರೇ ಆದ್ದರಿಂದ, ಇಷ್ಟೆಲ್ಲ ಯಾಕೆ ಎಂದು ಕೇಳುವವರು ಕ್ಯಾಂಪಿನಲ್ಲಿ ಇದ್ದೇ ಇರುತ್ತಾರೆ. ಮತ್ತೆರಡು ಹೊಸ ಪೇಪರುಗಳಿಗೆ ಆ ನಿಯಮದಿಂದ ಎಲ್ಲರೂ ಅಂಕ ಹಾಕಿ, ಚೀಟಿ ತೆರೆದಾಗ ಅವರಿಗೆ ಉತ್ತರ ಸಿಗುತ್ತದೆ. ಆ ಹೊತ್ತಿಗೆ ಅವರು ಊಟಕ್ಕೆ ಹೋಗಿರುತ್ತಾರೆ.

ಅರ್ಧ ಅಂಕಕ್ಕೆ ಇಷ್ಟು ರಗಳೆಯೇ ಎನ್ನಬೇಡಿ. ಸಮಾಜ ವಿಜ್ಞಾನದಲ್ಲಿ ಬರವಣಿಗೆಗೆ 80, ನಿರಂತರ ಮೌಲ್ಯಮಾಪನಕ್ಕೆ 20. ಗ್ರೇಡಿನ ಒಂದೊಂದು ಮೆಟ್ಟಿಲು ನೂರಕ್ಕೆ ಹತ್ತು ಅಂಕ. ಇಪ್ಪತ್ತು ಕಡೆ ಅರ್ಧ ಅರ್ಧ ಕಡಿಯುವ ಮಾಸ್ಟ್ರ ಕೈಗೆ ಕಟ್ಟು ಹೋದರೆ ಎ ಬರಬೇಕಾದ ಮಗು ಬಿ ಪ್ಲಸ್ ಆಗುತ್ತದೆ. ಓದಿದ್ದು ಅಷ್ಟೇ, ಬರೆದದ್ದೂ ಅಷ್ಟೇ; ಕಟ್ಟು ಯಾವ ಮೇಜಿಗೆ ಹೋಯಿತು ಎಂಬುದಷ್ಟೇ ಬೇರೆ.

ಇದೆಲ್ಲ ಭಾಷೆ, ಸಮಾಜ ವಿಜ್ಞಾನದವರ ತಾಪತ್ರಯ ಎಂದು ಗಣಿತದವರು ನಗುತ್ತಾರೆ. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು 1913ರಲ್ಲಿ ರೇಖಾಗಣಿತದ ಒಂದೇ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳುಹಿಸಿದ್ದರು. ನೂರಕ್ಕೆ 28ರಿಂದ 95ರವರೆಗೆ ಅಂಕ ಬಂತು. ಒಂದು ವರ್ಷ ಮೊದಲು ಅವರೇ ಹೀಗೆ ಕಳುಹಿಸಿದ್ದ ಇಂಗ್ಲಿಷ್ ಉತ್ತರಪತ್ರಿಕೆಗಳಿಗೂ ಅಷ್ಟು ಅಗಲ ಬಂದಿರಲಿಲ್ಲ.

ಇನ್ನು ತಪಾಸಣೆ. ಪ್ರತಿ ಕಟ್ಟಿನಿಂದ ಕೆಲವನ್ನು ಚೀಫ್ ಬೇರೆ ಬಣ್ಣದ ಶಾಯಿಯಲ್ಲಿ ಮತ್ತೆ ನೋಡುತ್ತಾರೆ. ಮೊದಲಿನ ಅಂಕ ಅಂಚಿನಲ್ಲೇ ಇರುತ್ತದೆ. ಎರಡೂವರೆ ಕಂಡರೆ ಕೈ ತಾನಾಗಿ ಎರಡೂವರೆ ಹಾಕುತ್ತದೆ. ಬೇರೆ ಹಾಕಿದರೆ ಸಹೋದ್ಯೋಗಿಗೆ ಬೇಸರ, ಮೊತ್ತ ತಿದ್ದಬೇಕು, ಪಟ್ಟಿ ತಿದ್ದಬೇಕು. ಅಂಕ ಮುಚ್ಚಿ ನೋಡಿದರೆ ಮಾತ್ರ ಅದು ತಪಾಸಣೆ, ತೆರೆದಿಟ್ಟರೆ ಅನುಮೋದನೆ. ವ್ಯತ್ಯಾಸದ ಕಾಲಮ್ಮಿನಲ್ಲಿ ಆ ನೇರ ಗೆರೆ ಬಂದದ್ದು ಈ ದಾರಿಯಿಂದ.

ತಪಾಸಣೆಯಲ್ಲಿ ಸಿಕ್ಕಿಬೀಳುವವರಾದರೂ ಯಾರು? ಆರು ಪೇಪರಿಗೆ ಚೀಫ್ ಕೊಟ್ಟದ್ದು 1, 2, 3, 3, 4, 2. ಬಿಗಿ ಮಾಸ್ಟ್ರು ಪ್ರತಿಯೊಂದಕ್ಕೂ ಅರ್ಧ ಕಡಿಮೆ ಕೊಟ್ಟರು, ಅವರ ಸರಾಸರಿ ಎರಡು. ಇನ್ನೊಬ್ಬರು 2, 1, 4, 2, 3, 3 ಕೊಟ್ಟರು, ಅವರ ಸರಾಸರಿ ಎರಡೂವರೆ, ಚೀಫ್‌ರದ್ದೂ ಎರಡೂವರೆ. ಬುದ್ಧಿವಾದ ಬಿಗಿ ಮಾಸ್ಟ್ರಿಗೆ, ಶಾಲು ಇನ್ನೊಬ್ಬರಿಗೆ. ಬಿಗಿ ಮಾಸ್ಟ್ರನ್ನು ಅರ್ಧ ಕೂಡಿಸಿ ಸರಿ ಮಾಡಬಹುದು, ಅವರ ಕೈಯಲ್ಲಿ ಮಕ್ಕಳ ಕ್ರಮವಾದರೂ ನೆಟ್ಟಗಿದೆ. ಎರಡನೆಯವರು ಆರರಲ್ಲಿ ಒಂದಕ್ಕೂ ಚೀಫ್ ಕೊಟ್ಟ ಅಂಕ ಕೊಟ್ಟಿಲ್ಲ. ಅವರನ್ನು ಯಾವ ಸಂಖ್ಯೆ ಕೂಡಿಸಿ ಕಳೆದರೂ ಸರಿ ಮಾಡಲಾಗದು. ಸರಾಸರಿ ಮಾತ್ರ ನೋಡುವ ಚೀಫ್‌ಗೆ ಅವರೇ ಆದರ್ಶ.

ಒಂದು ಕ್ಯಾಂಪಿನಲ್ಲಿ ಹುರುಪಿನ ಉಪ ಚೀಫ್ ಒಬ್ಬರು ಹೀಗೆ ಮಾಡಿದರು ಎಂದು ಊಹಿಸಿ. ಒಂದೇ ಉತ್ತರಪತ್ರಿಕೆಯ ಎರಡು ಪ್ರತಿ ಮಾಡಿಸಿ, ಒಂದನ್ನು ಬೆಳಗಿನ ಕಟ್ಟಿಗೂ ಇನ್ನೊಂದನ್ನು ಮಧ್ಯಾಹ್ನದ ಕಟ್ಟಿಗೂ ಸೇರಿಸಿ, ಒಬ್ಬರೇ ಮಾಸ್ಟ್ರ ಮೇಜಿಗೆ ಕಳುಹಿಸಿದರು. ಬೆಳಗ್ಗೆ ಮೂರು, ಮಧ್ಯಾಹ್ನ ಎರಡು. ಬೆಳಗ್ಗೆ ಅದಕ್ಕಿಂತ ಮೊದಲು ನೋಡಿದ್ದು ಖಾಲಿ ಹಾಳೆಗಳು, ಮಧ್ಯಾಹ್ನ ಮೂರು ಎ ಪ್ಲಸ್‌ಗಳು. ಪೇಪರಿನಿಂದ ಪೇಪರಿಗೆ ಹೋಗದೆ, ಒಂದು ಪ್ರಶ್ನೆಯನ್ನು ಇಡೀ ಕಟ್ಟಿಗೆ ಮುಗಿಸಿ ಮುಂದಿನ ಪ್ರಶ್ನೆಗೆ ಹೋದರೆ, ಆಗಾಗ ಕಟ್ಟನ್ನು ಹಿಂದುಮುಂದು ಮಾಡಿದರೆ ಮೊದಲು ನೋಡಿದ ಪೇಪರುಗಳ ಈ ಪ್ರಭಾವ ಸಾಕಷ್ಟು ತಗ್ಗುತ್ತದೆ. ಆದರೆ ಹಾಗೆ ಮಾಡಿದರೆ ಸಂಜೆಯವರೆಗೆ ಒಂದು ಪೇಪರೂ 'ಮುಗಿದದ್ದು' ಎಂದು ಲೆಕ್ಕಕ್ಕೆ ಸಿಗದು, ಲೆಕ್ಕವೋ ಗಂಟೆಗೊಮ್ಮೆ ಹೋಗಬೇಕು.

ಎರಡೂ ಪ್ರತಿಗಳನ್ನು ಚೀಫ್ ಎದುರು ಇಟ್ಟರು. ಮಾಸ್ಟ್ರು ಕನ್ನಡಕ ಏರಿಸಿ ನೋಡಿದರು. "ಎರಡೂ ಸರಿಯೇ ಸಾರ್. ಇದು ಊಟಕ್ಕೆ ಮೊದಲಿನದ್ದು." ಚೀಫ್ ಎರಡನ್ನೂ ಕೂಡಿಸಿ, ಎರಡರಿಂದ ಭಾಗಿಸಿ, ಎರಡೂವರೆ ಬರೆದು, ಉಪ ಚೀಫ್‌ರನ್ನು ಅಂಕ ಕೂಡಿಸುವ ಕೋಣೆಗೆ ಕಳುಹಿಸಿದರು.