ಅಕ್ಷರ ಹುಟ್ಟಿದ್ದು ಜಮಾ-ಖರ್ಚಿನಲ್ಲಿ ಸ್ವಾಮಿ

ನಿನ್ನೆ ಸಂಜೆ ನಮ್ಮ ಸಂಘದ ಕಾರ್ಯಕ್ರಮಕ್ಕೆ ಬಂದಿದ್ದ ಭಾಷಣಕಾರರೊಬ್ಬರು ಮೈಕ್ ಹಿಡಿದು ಹೇಳಿದರು: "ಅಕ್ಷರ ಹುಟ್ಟಿದ್ದು ಕವಿಯ ಎದೆಯಲ್ಲಿ. ಆಮೇಲೆ ಲೆಕ್ಕಿಗರ ಕೈಗೆ ಸಿಕ್ಕಿ ಕೆಟ್ಟುಹೋಯಿತು." ಸಭೆ ಚಪ್ಪಾಳೆ ತಟ್ಟಿತು. ಮೂವತ್ತು ವರ್ಷ ಸೊಸೈಟಿಯ ಲೆಡ್ಜರು ಬರೆದ ನಾನೂ ತಟ್ಟಿದೆ. ಮನೆಗೆ ಬಂದು ಊಟಕ್ಕೆ ಕೂತಾಗ ಸಿಟ್ಟು ಬಂತು. ನನಗೆ ಸಿಟ್ಟು ಯಾವಾಗಲೂ ಲೇಟಾಗೇ ಬರುತ್ತೆ, ನಿಮಗೆ ಗೊತ್ತಲ್ಲ.

ನಡೆದದ್ದು ಪೂರಾ ಉಲ್ಟಾ. ಅಕ್ಷರ ಹುಟ್ಟಿದ್ದೇ ಲೆಕ್ಕಿಗನ ಕೈಯಲ್ಲಿ. ಕವಿ ಬಂದದ್ದು ಸುಮಾರು ಏಳುನೂರು ವರ್ಷ ತಡವಾಗಿ.

ಇವತ್ತಿನ ಇರಾಕಿನ ದಕ್ಷಿಣಕ್ಕೆ ಉರುಕ್ ಅಂತ ಊರಿತ್ತು. ಅದಕ್ಕೂ ಸಾವಿರಾರು ವರ್ಷ ಮೊದಲು, ಹೆಚ್ಚುಕಡಿಮೆ ಕ್ರಿ.ಪೂ. 8000ದಿಂದಲೇ, ಆ ಕಡೆಯ ಜನ ಜೇಡಿಮಣ್ಣಿನಲ್ಲಿ ಪುಟ್ಟ ಪುಟ್ಟ ಬಿಲ್ಲೆ, ಗೋಲಿ, ಶಂಕುಗಳನ್ನು ಮಾಡಿಟ್ಟುಕೊಳ್ಳುತ್ತಿದ್ದರು. ಇಷ್ಟು ಧಾನ್ಯಕ್ಕೆ ಇಷ್ಟು ಗೋಲಿ ಅನ್ನೋ ಲೆಕ್ಕ. ನಮ್ಮಜ್ಜಿ ಹಾಲಿನವನ ಲೆಕ್ಕಕ್ಕೆ ಅಡುಗೆಮನೆ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಎಳೀತಿದ್ದಳಲ್ಲ, ಅದೇ ಜಾತಿಯದು. ಕ್ರಿ.ಪೂ. 3500ರ ಹೊತ್ತಿಗೆ ಈ ಬಿಲ್ಲೆಗಳನ್ನು ಟೊಳ್ಳು ಮಣ್ಣಿನ ಉಂಡೆಯೊಳಗೆ ಹಾಕಿ, ಬಾಯಿ ಮುಚ್ಚಿ, ಮೇಲೆ ಮುದ್ರೆ ಉರುಳಿಸಿ ಇಡೋ ಪದ್ಧತಿ ಬಂತು. ನಡುವೆ ಯಾರೂ ಕೈ ಹಾಕಬಾರದು, ಅಷ್ಟೇ. ಇರಾನಿನ ಸೂಸಾದಲ್ಲಿ ಇಂಥವು ಬೇಕಾದಷ್ಟು ಸಿಕ್ಕಿವೆ.

ಹೋದ ಬೇಸಿಗೆ ರಜೆಯಲ್ಲಿ ಮೊಮ್ಮಗನ ಜೊತೆ ಕೂತು ನಾನೂ ಒಂದು ಉಂಡೆ ಮಾಡಿದೆ. ಒಳಗೆ ಏಳು ಬಿಲ್ಲೆ ಹಾಕಿ ಮುಚ್ಚಿ ಒಣಗಿಸಿದ್ವಿ. ಎರಡು ದಿನ ಬಿಟ್ಟು ಅವನು ಕೇಳಿದ, "ತಾತ, ಒಳಗೆ ಎಷ್ಟಿತ್ತು?" ನನಗೆ ಮರೆತುಹೋಗಿತ್ತು. ನೋಡಬೇಕಾದರೆ ಒಡೀಬೇಕು. ಒಡೆದರೆ ಮುದ್ರೆ ಹೋಯಿತು, ಸಾಕ್ಷಿ ಹೋಯಿತು. ಸೂಸಾದವರಿಗೂ ಇದೇ ಪೇಚಾಟ ಇದ್ದಿರಬೇಕು, ಯಾಕಂದ್ರೆ ಕೆಲವು ಉಂಡೆಗಳ ಮೈಮೇಲೆ, ಮಣ್ಣು ಹಸಿಯಾಗಿದ್ದಾಗಲೇ ಬಿಲ್ಲೆ ಒತ್ತಿದಂಥ ಗುರುತುಗಳಿವೆ. ಶಂಕು ಒತ್ತಿದರೆ ಉದ್ದ ಕುಳಿ, ಗೋಲಿ ಒತ್ತಿದರೆ ದುಂಡು ಕುಳಿ. ಹೊರಗಿಂದಲೇ ಎಷ್ಟು ಅಂತ ಗೊತ್ತಾಗೋ ಹಾಗಾದ ಮೇಲೆ ಒಳಗೆ ಬಿಲ್ಲೆ ಯಾಕೆ? ಉಂಡೆ ಚಪ್ಪಟೆಯಾಗಿ ಹಲಗೆಯಾಯಿತು.

ಇದನ್ನು ಡೆನಿಸ್ ಶ್ಮಾಂಟ್-ಬೆಸ್ಸೆರಾ ಅನ್ನೋ ವಿದ್ವಾಂಸೆ ಬಹಳ ವರ್ಷ ಕಷ್ಟಪಟ್ಟು ವಾದಿಸಿದರು. ಕತೆ ಇಷ್ಟು ನೇರ ಇಲ್ಲ ಅನ್ನೋರೂ ಇದ್ದಾರೆ. ಕುರಿಯ ಅಕ್ಷರ ಅಂದ್ರೆ ಒಂದು ವೃತ್ತ, ಒಳಗೆ ಅಡ್ಡ-ಉದ್ದ ಗೆರೆ. ಅಂಥದ್ದೇ ಗುರುತಿನ ಬಿಲ್ಲೆಯಿಂದ ಅದು ಬಂತು ಅಂತ ನಾನೂ ಕಂಡಕಂಡವರಿಗೆ ಹೇಳ್ಕೊಂಡು ತಿರುಗಿದ್ದೆ. ಆಮೇಲೆ ಓದಿದೆ: ಕುರಿ ಅಷ್ಟೊಂದು ಇದ್ದ ನಾಡಿನಲ್ಲಿ ಆ ಬಿಲ್ಲೆ ಸಿಕ್ಕಿರೋದು ಬೆರಳೆಣಿಕೆಯಷ್ಟು ಯಾಕೆ ಅಂತ ಟೀಕಾಕಾರರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಸಂಖ್ಯೆಯ ಗುರುತು ಬಿಲ್ಲೆಯಿಂದ ಬಂತು ಅನ್ನೋದು ಗಟ್ಟಿ. ಸರಕಿನ ಗುರುತೂ ಹಾಗೇ ಬಂತು ಅನ್ನೋದು ಅಷ್ಟು ಗಟ್ಟಿಯಲ್ಲ. ಎರಡರಲ್ಲೂ ಲೆಕ್ಕಿಗನೇ ಇದ್ದಾನೆ, ಕವಿ ಇಲ್ಲ, ನನಗೆ ಅಷ್ಟು ಸಾಕು.

ನಿಜವಾದ ಚಮತ್ಕಾರ ಆದದ್ದು ಹಲಗೆಯ ಮೇಲೆ. ಐದು ಕುರಿಗೆ ಐದು ಸಲ ಕುರಿ ಬರೆಯೋದು ಬಿಟ್ಟು, ಐದು ಕುಳಿ ಒತ್ತಿ, ಪಕ್ಕದಲ್ಲಿ ಒಂದೇ ಒಂದು ಕುರಿಯ ಗುರುತು ಗೀರಿದರು. ಎಷ್ಟು ಅನ್ನೋದು ಬೇರೆ, ಏನು ಅನ್ನೋದು ಬೇರೆ ಆಯಿತು. ಹಾಗಂತ ಸಂಖ್ಯೆ ಇನ್ನೂ ಪೂರ್ತಿ ಬಿಡುಗಡೆಯಾಗಿರಲಿಲ್ಲ. ಕುರಿ ಎಣಿಸುವಾಗ ಹತ್ತು ಉದ್ದ ಕುಳಿಗೆ ಒಂದು ದುಂಡು ಕುಳಿ. ಜವೆಗೋಧಿ ಅಳೆಯುವಾಗ ಅದೇ ದುಂಡು ಕುಳಿಗೆ ಆರೇ ಉದ್ದ ಕುಳಿ! ಹುಚ್ಚು ಅಂತೀರಾ? ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅಂತ ಭತ್ತ ಅಳೆದು, ಅದೇ ಬಾಯಲ್ಲಿ ಬಾಳೆಹಣ್ಣನ್ನು ಡಜನ್‌ನಲ್ಲಿ ಕೇಳಿದವರು ನಾವು, ಸುಮ್ಮನಿರೋಣ.

ಉರುಕ್‌ನ ಒಂದು ಹಲಗೆಯಂತೂ ನನ್ನ ಪಾಲಿಗೆ ದೇವರಪಟ. ಅದರಲ್ಲಿರೋದು ಇಷ್ಟೇ: ಜವೆಗೋಧಿ 29,086 ಅಳತೆ, 37 ತಿಂಗಳು, ಕುಶಿಮ್. ಕ್ರಿಯಾಪದವೇ ಇಲ್ಲ. ಕುಶಿಮ್ ತಗೊಂಡನೋ, ಕೊಟ್ಟನೋ, ಬಾಕಿ ಉಳಿಸಿಕೊಂಡನೋ? ಜಮೆಯೋ ಖರ್ಚೋ? ಹಲಗೆ ಹೇಳೋದಿಲ್ಲ. ಬರೆದವನಿಗೆ ಗೊತ್ತಿತ್ತು, ಆಫೀಸಿಗೆ ಗೊತ್ತಿತ್ತು, ಮುಗೀತು. ಕುಶಿಮ್ ಅನ್ನೋದು ಮನುಷ್ಯನ ಹೆಸರೋ ಹುದ್ದೆಯ ಹೆಸರೋ ಅಂತಲೂ ಜಗಳ ಇದೆ. ಅಂದ್ರೆ ಇದು ಬರವಣಿಗೆ ಹೌದು, ಭಾಷೆ ಇನ್ನೂ ಅಲ್ಲ. ಯಾವ ಭಾಷೆಯವನು ಬೇಕಾದರೂ ತನ್ನ ಭಾಷೆಯಲ್ಲೇ ಓದಿಕೊಳ್ಳಬಹುದಾದ ಲೆಡ್ಜರು.

ಹಾಗಾದರೆ ಭಾಷೆ ಒಳಗೆ ಬಂದದ್ದು ಎಲ್ಲಿಂದ? ನನ್ನನ್ನು ಕೇಳಿದರೆ, ಹೆಸರಿನ ಕಾಲಂನಿಂದ. ಕುರಿಗೆ, ಜವೆಗೆ, ಬಿಯರಿಗೆ ಒಂದು ಗುರುತು ಮಾಡಿಕೊಳ್ಳಬಹುದು. ಕೂಲಿ ತಗೊಂಡ ಆಸಾಮಿಯ ಹೆಸರಿಗೆ ಏನು ಚಿತ್ರ ಬರೀತೀರಿ? ನಮ್ಮ ಕರಿಯಪ್ಪನನ್ನೇ ತಗೊಳ್ಳಿ. ಕರಿ ಅಂದ್ರೆ ಆನೆ, ಒಂದು ಆನೆ ಬರೆದೆ ಅನ್ನಿ. ಅಲ್ಲಿ ಆನೆ ಆನೆಯಲ್ಲ, ಬರೀ 'ಕರಿ' ಅನ್ನೋ ಸದ್ದು. (ಆನೆಗೆ ಮೂರು ಕೊಳಗ ಭತ್ತ ಸಂದಾಯ ಅಂತ ಆಡಿಟರ್ ಓದಿಬಿಟ್ಟರೆ ಕೆಟ್ಟೆವು.) ಉರುಕ್ ಕಡೆಯ ಜನ, ಅಂದ್ರೆ ಸುಮೇರಿಯನ್ನರು, ಮಾಡಿದ್ದೂ ಇದೇ ಆಟ. ಅವರ ಭಾಷೆಯಲ್ಲಿ 'ತಿ' ಅಂದ್ರೆ ಬಾಣ. ಬದುಕು ಅನ್ನೋದಕ್ಕೂ ಹತ್ತಿರಹತ್ತಿರ ಅದೇ ಸದ್ದು. ಬದುಕಿನ ಚಿತ್ರ ಯಾರು ಬರೆದಾರು? ಬಾಣ ಬರೆದರು. ದೇವರು ಆಯುಸ್ಸು ಕೊಡಲಿ ಅನ್ನೋ ಧಾಟಿಯ ಹೆಸರುಗಳು ಅವರಲ್ಲಿ ಸಾಮಾನ್ಯ, ಹಾಗಾಗಿ ಆ ಬಾಣಕ್ಕೆ ಕೈತುಂಬ ಕೆಲಸ. ಚಿತ್ರ ಸದ್ದಾದ ಮೇಲೆ ವಿಭಕ್ತಿ ಪ್ರತ್ಯಯವನ್ನೂ ಬರೆಯಬಹುದು, ಕ್ರಿಯಾಪದದ ಬಾಲವನ್ನೂ ಬರೆಯಬಹುದು.

ಅದೂ ಒಂದೇ ದಿನದಲ್ಲಿ ಆಗಲಿಲ್ಲ. ಉರುಕ್‌ನ ಮೊದಲ ಹಲಗೆಗಳು ಕ್ರಿ.ಪೂ. 3300ರ ಆಸುಪಾಸಿನವು. ಗಾದೆ, ಸ್ತೋತ್ರ, ಬುದ್ಧಿಮಾತು ಸಿಗೋದು 2600ರ ಸುಮಾರಿಗೆ, ಆಗಲೂ ಪ್ರತ್ಯಯಗಳನ್ನು ಅರ್ಧಕ್ಕರ್ಧ ನುಂಗಿಯೇ ಬರೀತಿದ್ದರು. ನಡುವಿನ ಏಳುನೂರು ವರ್ಷ? ಕೂಲಿ, ಕುರಿ, ಹೊಲ, ಬಿಯರು. ಜೊತೆಗೆ ಹೊಸ ಗುಮಾಸ್ತರ ಕಲಿಕೆಗೆ ಪದಗಳ ಪಟ್ಟಿ, ನಮ್ಮ ಕಾಗುಣಿತ ತಿದ್ದಿಸೋ ಥರ.

"ಚೀನಾದಲ್ಲಿ ಹಾಗಲ್ಲವಲ್ಲ" ಅಂತ ಒಬ್ಬರಾದರೂ ಕಾಮೆಂಟ್ ಹಾಕೇ ಹಾಕ್ತೀರಿ, ಗೊತ್ತು. ಹೌದು, ಅಲ್ಲಿ ನಮಗೆ ಸಿಕ್ಕಿರೋ ಅತಿ ಹಳೆಯ ದೊಡ್ಡ ರಾಶಿ ಮೂಳೆ ಮತ್ತು ಆಮೆಚಿಪ್ಪಿನ ಮೇಲಿನ ಶಕುನದ ಪ್ರಶ್ನೆಗಳು. ಮೂಳೆ ಉಳಿಯುತ್ತೆ ಸ್ವಾಮಿ, ಬಿದಿರ ಪಟ್ಟಿಯ ಮೇಲೆ ಲೆಕ್ಕ ಬರೆದಿದ್ದರೆ ಅದು ಕೊಳೆತು ಹೋಗಿರುತ್ತೆ. ಬರೆದೇ ಇರಲಿಲ್ಲ ಅಂತಲೇ ಇಟ್ಟುಕೊಳ್ಳಿ, ಶಕುನ ಕೇಳಿದವನೂ ಕವಿಯಲ್ಲ. ಈಜಿಪ್ಟಿನ ಅಬೈಡೋಸ್‌ನ ಗೋರಿಯಲ್ಲಿ ಸಿಕ್ಕ ಕ್ರಿ.ಪೂ. 3200ರ ಸುಮಾರಿನ ಮೂಳೆ, ದಂತದ ಚೀಟಿಗಳಂತೂ ನಮ್ಮ ಕಡೆಗೇ: ಅಂಚೆಚೀಟಿಯಷ್ಟಗಲ, ಒಂದು ತೂತು, ಸರಕಿಗೆ ಕಟ್ಟೋಕೆ. ಮೇಲೆ ಕೆಲವದರಲ್ಲಿ ಅಂಕಿ, ಕೆಲವದರಲ್ಲಿ ಊರಿನ ಹೆಸರಿನಂಥದ್ದು. ಮೂಟೆಗೆ ಕಟ್ಟೋ ಲೇಬಲ್ಲು!

ಇದೆಲ್ಲ ನಿನ್ನೆ ಅಲ್ಲೇ ಎದ್ದು ಹೇಳಬಹುದಿತ್ತು. ಹೇಳಲಿಲ್ಲ, ಯಾಕಂದ್ರೆ ಸಂಘದ ಖಜಾಂಚಿ ನಾನೇ, ವೇದಿಕೆಯ ಹಿಂದೆ ಕೆಲಸ ಇತ್ತು. ಭಾಷಣ ಮುಗಿಸಿ ಬಂದವರಿಗೆ ಗೌರವಧನದ ಕವರು ಕೊಟ್ಟೆ. ಕವರಿನ ಮೇಲೆ 2,000 ಅಂತ ನಾನೇ ಬರೆದಿದ್ದೆ. ಅವರು ಅದನ್ನು ನಂಬದೆ ಬಾಯಿ ಹರಿದು, ಒಳಗಿನ ನೋಟು ಎಣಿಸಿಕೊಂಡರು. ಆಮೇಲೆ ವೋಚರ್ ಮುಂದಿಟ್ಟೆ. ಮೊತ್ತದ ಕೆಳಗೆ, ದುಂಡಗಿನ ಅಕ್ಷರದಲ್ಲಿ, ಕವಿ ತಮ್ಮ ಹೆಸರು ಬರೆದರು.